ಆ ಬೆಳ್ಳುಳ್ಳಿ ಕ್ಯಾಪ್ಸೂಲ್ ವಿಷಯ ಸರ್ಜನ್‌ಗೆ ಹೇಳಿ

ಅಮ್ಮಾ, ಮುಂದಿನ ತಿಂಗಳು ಮಂಡಿ ಆಪರೇಷನ್ ಎಂದಿರಿ. ಬಿ.ಪಿ. ಮಾತ್ರೆಯ ಜೊತೆ ಬೆಳ್ಳುಳ್ಳಿ ಕ್ಯಾಪ್ಸೂಲನ್ನೂ ಕೊಂಡಿರಿ. ಸರ್ಜನ್ ಕೇಳಿದಾಗ ಬಿ.ಪಿ. ಮಾತ್ರೆಯನ್ನಷ್ಟೇ ಹೇಳಿದಿರಂತೆ, ಇದು ಔಷಧಿಯಲ್ಲವಲ್ಲ ಎಂದು. ಅದಕ್ಕೇ ಈ ಚೀಟಿ.

ಗಾಯವಾದಾಗ ರಕ್ತದಲ್ಲಿನ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿಕೊಂಡು ರಕ್ತ ನಿಲ್ಲಿಸುತ್ತವೆ. ಬೆಳ್ಳುಳ್ಳಿಯ ಕೆಲವು ಅಂಶಗಳು ಈ ಅಂಟುವ ಗುಣವನ್ನು ಕುಗ್ಗಿಸಬಲ್ಲವು. ಪ್ಲೇಟ್‌ಲೆಟ್ ಬದುಕುವುದು 7ರಿಂದ 10 ದಿನ. ಹಳೆಯವು ಹೋಗಿ ಹೊಸವು ಬರುವವರೆಗೆ ಪರಿಣಾಮ ಉಳಿಯಬಹುದು. ಆದ್ದರಿಂದ ಹಿಂದಿನ ರಾತ್ರಿ ಬಿಟ್ಟರೆ ಸಾಲದು, ಸಾಮಾನ್ಯವಾಗಿ ಒಂದೆರಡು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಸಾರಿನ ಒಗ್ಗರಣೆಗೆ ಹಾಕುವ ನಾಲ್ಕು ಎಸಳಿಗೆ ಹೆದರಬೇಡಿ. ಕ್ಯಾಪ್ಸೂಲಿನಲ್ಲಿರುವುದು ದಿನವೂ ತಪ್ಪದೆ ಒಳಹೋಗುವ ಸಾರಸತ್ವ.

ರಕ್ತಪರೀಕ್ಷೆ ಸರಿಯಾಗಿದೆ ಎಂದಿರಿ. ಮಾಮೂಲಿ ಪರೀಕ್ಷೆ ಪ್ಲೇಟ್‌ಲೆಟ್ ಎಷ್ಟಿವೆ ಎಂದು ಎಣಿಸುತ್ತದೆ, ಅಂಟುತ್ತವೆಯೇ ಎಂದು ನೋಡುವುದಿಲ್ಲ. ನೀವು ಬಾಯಿಬಿಟ್ಟು ಹೇಳದೆ ಅವರಿಗೆ ಗೊತ್ತಾಗುವ ದಾರಿಯಿಲ್ಲ. ಮಂಡಿಗೆ ಬೆನ್ನಿನ ಇಂಜೆಕ್ಷನ್ ಕೊಡುವುದುಂಟು. ಅಲ್ಲಿ ರಕ್ತ ಕಟ್ಟಿದರೆ ನರ ಒತ್ತಬಹುದು. ಅಪರೂಪ, ಆದರೆ ಗಂಭೀರ. ಆಪರೇಷನ್ ನಂತರ ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಡುತ್ತಾರೆ, ಅದರ ಜೊತೆಗೂ ಇದು ಕೂಡಿಕೊಳ್ಳಬಹುದು.

ನಿದ್ದೆಗೆಂದು ಅಶ್ವಗಂಧವನ್ನೂ ಒಯ್ದಿದ್ದಿರಿ. ಅದು ಮಂಪರು ಹೆಚ್ಚಿಸಬಹುದು, ಅರಿವಳಿಕೆ ವೈದ್ಯರಿಗೆ ತಿಳಿಸಿ.

ನಾಳೆಯೇ ಎರಡೂ ಡಬ್ಬಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಬಿ.ಪಿ. ಮಾತ್ರೆಯನ್ನು ಮಾತ್ರ ಅವರು ಹೇಳದೆ ನಿಲ್ಲಿಸಬೇಡಿ.