ಬಾಂಡ್‌ಗೆ ಎರಡು ಬೆಲೆ ಏಕೆ?

ಕೇಂದ್ರ ಸರ್ಕಾರದ ಬಾಂಡ್ ಒಂದರ ದರ ಪರದೆಯಲ್ಲಿ 98.50 ರೂಪಾಯಿ ಎಂದಿರುತ್ತದೆ. 1 ಲಕ್ಷ ರೂಪಾಯಿ ಮುಖಬೆಲೆಯಷ್ಟು ಕೊಂಡರೆ ಖಾತೆಯಿಂದ ಹೋಗುವುದು 98,500 ಅಲ್ಲ, 1,00,500. ಹೆಚ್ಚುವರಿ 2,000 ದಲ್ಲಾಳಿಯ ಕಮಿಷನ್ ಎಂದು ಹಲವರು ಗಾಬರಿಯಾಗುತ್ತಾರೆ. ಅದು ಮಾರಿದವರಿಗೆ ಸಲ್ಲಬೇಕಾದ ಬಡ್ಡಿ.

ಈ ಬಾಂಡ್‌ನ ವಾರ್ಷಿಕ ಬಡ್ಡಿ ಶೇ 7.20 ಎನ್ನಿ. ಆರು ತಿಂಗಳಿಗೊಮ್ಮೆ 3,600 ರೂಪಾಯಿ ಕೈಸೇರುತ್ತದೆ. ನಮ್ಮ ಸರ್ಕಾರಿ ಬಾಂಡ್‌ಗಳ ಲೆಕ್ಕದಲ್ಲಿ ತಿಂಗಳಿಗೆ 30, ವರ್ಷಕ್ಕೆ 360 ದಿನ; ಹಾಗಾಗಿ ದಿನದ ಬಡ್ಡಿ 20 ರೂಪಾಯಿ. ಹಿಂದಿನ ಬಡ್ಡಿ ಪಾವತಿಯಾಗಿ 100 ದಿನವಾಗಿದ್ದರೆ 2,000 ಕೂಡಿರುತ್ತದೆ. ದಿನ ಎಣಿಸುವುದು ಹಣ ಸಂದಾಯವಾಗುವ ತಾರೀಕಿನವರೆಗೆ, ಆರ್ಡರ್ ಹಾಕಿದ ದಿನದವರೆಗಲ್ಲ. ಪರದೆಯ 98.50 ಕ್ಲೀನ್ ಪ್ರೈಸ್. ಬಡ್ಡಿ ಸೇರಿದ 100.50 ಡರ್ಟಿ ಪ್ರೈಸ್.

ಮುಂದಿನ ಕಂತಿನ 3,600 ಪೂರ್ತಿ ಕೊಂಡವರಿಗೇ ಬರುತ್ತದೆ. ಅದರಲ್ಲಿ 2,000 ಅವರೇ ಮುಂಗಡ ಕೊಟ್ಟದ್ದು, 80 ದಿನದ 1,600 ಮಾತ್ರ ನಿಜವಾದ ಗಳಿಕೆ.

ಪರದೆಯಲ್ಲಿ ಡರ್ಟಿ ಪ್ರೈಸ್ ತೋರಿಸಿದ್ದರೆ, ಮಾರುಕಟ್ಟೆ ಅಲುಗದಿದ್ದರೂ ದರ ದಿನಕ್ಕೆ 2 ಪೈಸೆ ಏರಿ, ಬಡ್ಡಿ ಪಾವತಿಯ ದಿನ 3.60 ರೂಪಾಯಿ ಕುಸಿಯುತ್ತಿತ್ತು. ಆ ಕುಸಿತ ಕಂಡು ಹೆದರಿ ಮಾರುವವರೂ ಇರುತ್ತಿದ್ದರು. ಬಡ್ಡಿದರಗಳಿಂದಾದ ನಿಜವಾದ ಏರಿಳಿತ ಕಾಣುವುದು ಕ್ಲೀನ್ ಪ್ರೈಸ್‌ನಲ್ಲಿ.