ಕೊನೆಯ ದಿನ ಕಾಣುವ ತಪ್ಪು

ಕಸುಬು ಕಲಿಯಲು ಬಂದ ಹುಡುಗನ ಕಥೆಯನ್ನು ಹದಿಹರೆಯದವರಿಗೆ ಹೇಳುವಾಗ ಬಹಳಷ್ಟು ಲೇಖಕರು ಒಂದೇ ಜಾಡು ಹಿಡಿಯುತ್ತಾರೆ. ಗುರು ಮೊದಲು ಕಸ ಗುಡಿಸಲು ಹಚ್ಚುತ್ತಾನೆ, ನೀರು ಹೊರಿಸುತ್ತಾನೆ. ಹುಡುಗ ಸಿಡಿಮಿಡಿಗೊಳ್ಳುತ್ತಾನೆ. ಗುರು ತಾಳ್ಮೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳುತ್ತಾನೆ, ಹುಡುಗನ ಕಣ್ಣು ತೆರೆಯುತ್ತದೆ. ಒಂಬತ್ತನೇ ಕ್ಲಾಸಿನ ಓದುಗಳೊಬ್ಬಳು ಇದನ್ನು ನಂಬದಿದ್ದರೆ ತಪ್ಪು ಅವಳದಲ್ಲ. ಆ ಕಸುಬಿಗೆ ತಾಳ್ಮೆ ಯಾಕೆ ಬೇಕು, ಅವಸರ ಮಾಡಿದರೆ ನಿಖರವಾಗಿ ಯಾವುದು ಕೆಡುತ್ತದೆ ಎಂಬುದನ್ನು ಕಥೆ ತೋರಿಸಿಯೇ ಇರುವುದಿಲ್ಲ.

ಇಂಥ ಕಥೆಯ ತಿರುವು ಗುರುವಿನ ಬಾಯಿಂದ ಬರಬಾರದು, ಕಸುಬಿನ ಒಳಗಿಂದಲೇ ಬರಬೇಕು ಎಂದು ನಾನು ನಂಬಿದ್ದೇನೆ. ಅದು ಹೇಗೆ ಸಾಧ್ಯ ಎಂದು ನೋಡಲು ಬೀದರಿನ ಬಿದರಿ ಕೆಲಸದಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಕಂಡಿಲ್ಲ. ಕಪ್ಪು ಲೋಹದ ಮೇಲೆ ಬೆಳ್ಳಿಯ ಬಳ್ಳಿ, ಹೂವು ಹೊಳೆಯುವ ಹೂಜಿಗಳನ್ನೂ ಡಬ್ಬಿಗಳನ್ನೂ ನಾವೆಲ್ಲ ಎಲ್ಲಾದರೂ ನೋಡಿರುತ್ತೇವೆ. ಆ ಕಪ್ಪು ಬರುವುದು ಎಲ್ಲ ಕೆಲಸ ಮುಗಿದ ಮೇಲೆ, ಕಟ್ಟಕಡೆಯಲ್ಲಿ. ಅಲ್ಲಿಯವರೆಗೆ ತನ್ನ ಕೆಲಸ ಸರಿಯಾಗಿದೆಯೋ ಇಲ್ಲವೋ ಎಂಬುದು ಕಲಿಯುವವನ ಕಣ್ಣಿಗೆ ಪೂರ್ತಿ ಕಾಣುವುದೇ ಇಲ್ಲ. ಕಥೆಗೆ ಬೇಕಾದ ಬಿಕ್ಕಟ್ಟು ಇಲ್ಲಿ ತಾನಾಗಿಯೇ ಇದೆ.

ಕಥೆಯ ಹುಡುಗನಿಗೆ ಹದಿನಾರು ವರ್ಷ ಎಂದಿಟ್ಟುಕೊಳ್ಳೋಣ. ವಯಸ್ಸನ್ನು ಯೋಚಿಸಿಯೇ ಆರಿಸಬೇಕು. ಎರಕದ ಒಲೆಯಲ್ಲಿ ಕರಗಿದ ಲೋಹವಿದೆ, ಅದರ ಹೊಗೆಯಿದೆ. ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು 2016ರ ಕಾನೂನು ತಿದ್ದುಪಡಿ ನಿಷೇಧಿಸಿದೆ. ಶಾಲೆ ಮುಗಿದ ಮೇಲೆ ಮನೆಯ ಕಸುಬಿಗೆ ಕೈಜೋಡಿಸಲು ವಿನಾಯಿತಿ ಇದ್ದರೂ ಅಪಾಯದ ಕೆಲಸಕ್ಕೆ ಅದೂ ಇಲ್ಲ. ಹಾಗಾಗಿ ನಮ್ಮ ಹುಡುಗ ಕಾಲೇಜಿನಿಂದ ಬಂದು ಸಂಜೆ ಹೊತ್ತು ಉಸ್ತಾದರ ಬಳಿ ಕೂರುತ್ತಾನೆ, ಒಲೆಯ ಹತ್ತಿರ ಹೋಗುವುದಿಲ್ಲ.

ಎರಕವನ್ನು ಅವನು ದೂರದಿಂದ ನೋಡುತ್ತಾನೆ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಮಣ್ಣಿಗೆ ಹರಳೆಣ್ಣೆ ಮತ್ತು ರಾಳ ಬೆರೆಸಿ ಮಾಡಿದ ಅಚ್ಚಿಗೆ ಈ ಲೋಹವನ್ನು ಹೊಯ್ಯುತ್ತಾರೆ. ಹೊರಬರುವ ವಸ್ತು ಒರಟಾದ ಬೂದುಬಣ್ಣದ್ದು. ಅದನ್ನು ಅರದಿಂದ ಉಜ್ಜಿ ನುಣುಪು ಮಾಡಬೇಕು. ಹುಡುಗನಿಗೆ ಸಿಗುವ ಮೊದಲ ಕೆಲಸ ಇದು, ಬೇಸರ ತರಿಸುವ ಕೆಲಸವೂ ಇದೇ. ಕಸ ಗುಡಿಸುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಓದುಗನಿಗೆ ಇಲ್ಲಿಯೇ ಕಾಣಿಸಬೇಕು. ಮೈಮೇಲೆ ಒಂದು ಸಣ್ಣ ಉಬ್ಬು ಉಳಿದರೂ ಮುಂದೆ ಅಲ್ಲಿ ಕೆತ್ತುವ ಗೆರೆ ಒಂದು ಕಡೆ ಆಳವಾಗಿ, ಇನ್ನೊಂದು ಕಡೆ ಮೇಲಾಗಿ ಬೀಳುತ್ತದೆ.

"ಇನ್ನಾ ಎಷ್ಟು ದಿನ ಉಜ್ಜಬೇಕ್ರಿ ಉಸ್ತಾದ್?" ಎಂದು ಹುಡುಗ ಕೇಳುತ್ತಾನೆ. "ಕಣ್ಣು ಮುಚ್ಚಿ ಬೆರಳಾಡಿಸು. ಎಲ್ಲಿ ನಿಲ್ತದೋ ಅಲ್ಲಿ ಉಜ್ಜು" ಎನ್ನುತ್ತಾರೆ ಅವರು. ಉಸ್ತಾದ್ ಇದಕ್ಕಿಂತ ಹೆಚ್ಚು ಮಾತಾಡಬೇಕಾಗಿಲ್ಲ.

ನುಣುಪಾದ ಮೇಲೆ ವಸ್ತುವಿಗೆ ಮೈಲುತುತ್ತದ ನೀರು ಸವರುತ್ತಾರೆ. ಸತುವಿನ ಮೇಲೆ ಮೈಲುತುತ್ತ ಬಿದ್ದಾಗ ಅದರೊಳಗಿನ ತಾಮ್ರ ತೆಳುವಾದ ಪದರವಾಗಿ ಕೂತು ಮೈ ಕಪ್ಪಾಗುತ್ತದೆ. ಇದು ಕೊನೆಯ ಕಪ್ಪಲ್ಲ, ಆಮೇಲೆ ಉಜ್ಜಿದರೆ ಹೋಗುವ ತಾತ್ಕಾಲಿಕ ಬಣ್ಣ. ಮೊನೆಯಿಂದ ಗೀರಿದಾಗ ಗೆರೆ ಬೆಳ್ಳಗೆ ಎದ್ದು ಕಾಣಲಿ ಎಂಬುದಷ್ಟೇ ಇದರ ಉದ್ದೇಶ. ಕೈಪಳಗಿದವರು ಈ ಕಪ್ಪಿನ ಮೇಲೆ ಬಳ್ಳಿಯನ್ನು ನೇರವಾಗಿ ಬಿಡಿಸುತ್ತಾರೆ. ಅವರ ಗೆರೆ ಸರಸರ ಓಡುವುದನ್ನು ನೋಡಿ ಹುಡುಗನಿಗೆ ತಾನೂ ಮಾಡಬಲ್ಲೆ ಅನ್ನಿಸುವುದು ಸಹಜ. ಕಥೆಯೊಳಗೆ ಅವಸರ ಕಾಲಿಡುವುದು ಇಲ್ಲಿಂದ.

ನಂತರ ಬರುವುದು ಉಳಿಯ ಕೆಲಸ. ವಸ್ತುವನ್ನು ಅಲುಗಾಡದಂತೆ ಕಲ್ಲಿನ ಮೇಲೆ ಮೇಣದಿಂದ ಕೂರಿಸಿ, ಸಣ್ಣ ಉಳಿಗಳಿಂದ ಗೀರಿದ ಗುರುತಿನ ಮೇಲೆ ಕಾಲುವೆ ಕೊರೆಯುತ್ತಾರೆ. ಬೆಳ್ಳಿಯನ್ನು ಬಿದರಿಯಲ್ಲಿ ಬೆಸೆಯುವುದಿಲ್ಲ, ಅಂಟಿಸುವುದಿಲ್ಲ. ಕೊರೆದ ಕಾಲುವೆಯಲ್ಲಿ ತಂತಿಯನ್ನಿಟ್ಟು ಸಣ್ಣ ಸುತ್ತಿಗೆಯಿಂದ ಬಡಿದಾಗ, ಮೆದುವಾದ ಬೆಳ್ಳಿ ಹರಡಿ ಕಾಲುವೆಯ ಗೋಡೆಗಳ ನಡುವೆ ಬಿಗಿದುಕೊಳ್ಳುತ್ತದೆ. ಆ ಹಿಡಿತವನ್ನು ಬಿಟ್ಟರೆ ಅದನ್ನು ನಿಲ್ಲಿಸುವುದು ಬೇರೆ ಏನೂ ಇಲ್ಲ. ಆದ್ದರಿಂದ ಕಾಲುವೆಯ ಬಾಯಿಗಿಂತ ತಳ ಕೊಂಚ ಅಗಲವಾಗಿರಬೇಕು, ಆಳ ಉದ್ದಕ್ಕೂ ಒಂದೇ ಸಮ ಇರಬೇಕು. ತಂತಿ ಕೂರಿಸುವ ಈ ಕೆಲಸಕ್ಕೆ ತಾರ್ಕಶಿ ಎನ್ನುತ್ತಾರೆ. ತಂತಿಯ ಬದಲು ಬೆಳ್ಳಿಯ ತೆಳು ತಗಡನ್ನು ಎಲೆ, ಹೂವಿನ ಆಕಾರಕ್ಕೆ ಕತ್ತರಿಸಿ ಕೂರಿಸುವುದೂ ಇದೆ.

ಬೆಳ್ಳಿ ಕೂತ ಮೇಲೆ ಅದು ಮೈಯಿಂದ ಸ್ವಲ್ಪ ಮೇಲೆದ್ದಿರುತ್ತದೆ. ಮತ್ತೆ ಅರ ಹಾಕಿ, ನುಣುಪು ಕಾಗದದಿಂದ ತಿಕ್ಕಿ ಎರಡನ್ನೂ ಒಂದೇ ಮಟ್ಟಕ್ಕೆ ತರುತ್ತಾರೆ. ಅವಸರದಲ್ಲಿ ಕೊರೆದ ಕಾಲುವೆಗೆ ಏನಾಗುತ್ತದೆ ಎಂದು ಈಗ ನೋಡಿ. ಕಾಲುವೆ ಮೇಲಾಗಿದ್ದ ಕಡೆ ಬೆಳ್ಳಿ ತೆಳ್ಳಗೆ ಕೂತಿರುತ್ತದೆ, ಅರ ಅದನ್ನು ಪೂರ್ತಿ ಒರೆಸಿಕೊಂಡು ಹೋಗುತ್ತದೆ. ಗೋಡೆ ನೆಟ್ಟಗಿದ್ದು ಹಿಡಿತ ಸಡಿಲವಾಗಿದ್ದ ಕಡೆ ತಂತಿ ಎದ್ದು ಬರುತ್ತದೆ. ಎದ್ದು ಬಂದ ತಂತಿ ಕೈಗೆ ತಾಕುತ್ತದೆ, ಅದನ್ನು ಆಗಲೇ ಸರಿಮಾಡಬಹುದು. ಅರಕ್ಕೆ ಹೋದ ಬೆಳ್ಳಿಯ ಕಥೆಯೇ ಬೇರೆ. ತಿಕ್ಕಿದ ಮೇಲೆ ಮೈಲುತುತ್ತದ ಕಪ್ಪು ಹೋಗಿ ಸತುವೂ ಬಿಳಿ, ಬೆಳ್ಳಿಯೂ ಬಿಳಿ. ಎಲ್ಲಿ ಬಳ್ಳಿ ಮುಂದುವರಿದಿದೆ, ಎಲ್ಲಿ ಕಡಿದಿದೆ ಎಂದು ಅನುಭವವಿಲ್ಲದ ಕಣ್ಣಿಗೆ ತಿಳಿಯುವುದಿಲ್ಲ. ಹುಡುಗ ಆ ಡಬ್ಬಿಯ ಮುಚ್ಚಳವನ್ನು ಬೆಳಕಿಗೆ ಹಿಡಿಯುತ್ತಾನೆ. ಇಡೀ ಮುಚ್ಚಳ ಮಿರಮಿರ ಹೊಳೆಯುತ್ತದೆ. ತನ್ನ ಕೆಲಸ ಚೆನ್ನಾಗಿದೆ ಎಂದು ಅವನು ಮನಸಾರೆ ನಂಬುತ್ತಾನೆ.

ಕಥೆಗಾರ ಈ ನಂಬಿಕೆಯನ್ನು ಗೇಲಿ ಮಾಡಬಾರದು. ಹುಡುಗ ಸೋಮಾರಿಯಲ್ಲ, ಜಂಬಗಾರನೂ ಅಲ್ಲ. ಅವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಕೊನೆಯ ಹಂತಕ್ಕೆ ಬೀದರ್ ಕೋಟೆಯ ಮಣ್ಣು ಬೇಕು. ವರ್ಷಗಟ್ಟಲೆ ಮಳೆಬಿಸಿಲು ತಾಕದ ಜಾಗದ ಮಣ್ಣು ಅದು. ಕುಶಲಕರ್ಮಿಗಳು ಅದನ್ನು ನಾಲಗೆಗೆ ತಾಕಿಸಿ ಪರೀಕ್ಷಿಸುತ್ತಾರೆ. ಮಣ್ಣಿನಲ್ಲಿರುವ ಕ್ಷಾರದ ರುಚಿಯಿಂದಲೇ ಅದು ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂದು ಹೇಳುತ್ತಾರೆ. ಆ ಮಣ್ಣಿಗೆ ನವಸಾಗರ ಮತ್ತು ನೀರು ಬೆರೆಸಿ, ಹದವಾಗಿ ಬಿಸಿ ಮಾಡಿದ ವಸ್ತುವಿಗೆ ಅದನ್ನು ತಾಕಿಸುತ್ತಾರೆ. ಸತು-ತಾಮ್ರದ ಮೈ ಕಡುಗಪ್ಪಾಗುತ್ತದೆ. ಈ ಕಪ್ಪಿಗೆ ಕಾರಣ ಆ ಒಂದು ಪಾಲು ತಾಮ್ರ. ಬರೀ ಸತುವಾಗಿದ್ದರೆ ಇಂಥ ಬಣ್ಣ ಬರುತ್ತಿರಲಿಲ್ಲ. ಬೆಳ್ಳಿಗೆ ಮಾತ್ರ ಏನೂ ಆಗುವುದಿಲ್ಲ. ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಿದಾಗ ಕಪ್ಪು ಇನ್ನಷ್ಟು ಗಾಢವಾಗಿ ಬೆಳ್ಳಿ ಎದ್ದು ನಿಲ್ಲುತ್ತದೆ.

ನಮ್ಮ ಹುಡುಗನ ಮುಚ್ಚಳದಲ್ಲಿ ಆಗ ಎದ್ದು ನಿಲ್ಲುವುದು ಕಡಿದುಹೋದ ಬಳ್ಳಿ. ಮೂರನೇ ಎಲೆಯಿಂದ ಮುಂದೆ ದಂಟು ಅಲ್ಲಲ್ಲಿ ಮಾಯವಾಗಿದೆ. ಬೆರಳು ಸೋತು, ಬೇಗ ಮುಗಿಸಬೇಕೆಂದು ಉಳಿಯನ್ನು ಹಗುರವಾಗಿ ಓಡಿಸಿದ ಆ ಒಂದು ಸಂಜೆ ಎಷ್ಟೋ ದಿನಗಳ ನಂತರ, ಪರೀಕ್ಷೆಯ ಫಲಿತಾಂಶದಂತೆ ಕಪ್ಪು-ಬಿಳುಪಿನಲ್ಲಿ ಹೊರಬಿದ್ದಿದೆ. ಎಲ್ಲಿ ಅವಸರವಾಯಿತು, ಎಲ್ಲಿ ಮತ್ತೆ ಕೈ ನಿಧಾನಕ್ಕೆ ಬಂತು ಎಂಬುದನ್ನು ಅವನೇ ಓದಿಕೊಳ್ಳಬಹುದು. ಗುರುವಿನ ಉಪದೇಶಕ್ಕೆ ಇಲ್ಲಿ ಕೆಲಸವಿಲ್ಲ.

ಇದೇ ಬಗೆಯ ಕಟ್ಟಡವನ್ನು ದೊಡ್ಡ ಅಳತೆಯಲ್ಲಿ ಸಾಧಿಸಿದ ಒಂದು ಪುಸ್ತಕವಿದೆ. ಲಿಂಡಾ ಸೂ ಪಾರ್ಕ್ ಅವರು 2001ರಲ್ಲಿ ಪ್ರಕಟಿಸಿದ, ಮರುವರ್ಷ ನ್ಯೂಬೆರಿ ಪದಕ ಪಡೆದ 'ಎ ಸಿಂಗಲ್ ಶಾರ್ಡ್' ಎಂಬ ಕಿರಿಯರ ಕಾದಂಬರಿ. ಹನ್ನೆರಡನೇ ಶತಮಾನದ ಕೊರಿಯಾದಲ್ಲಿ ಟ್ರೀ-ಇಯರ್ ಎಂಬ ಅನಾಥ ಹುಡುಗ ಮಿನ್ ಎಂಬ ಕುಂಬಾರನ ಬಳಿ ಸೇರುತ್ತಾನೆ. ಚಕ್ರ ಮುಟ್ಟುವ ಆಸೆ ಹೊತ್ತವನಿಗೆ ತಿಂಗಳುಗಟ್ಟಲೆ ಸಿಗುವುದು ಗೂಡಿಗೆ ಸೌದೆ ಕಡಿದು ತರುವ ಕೆಲಸ, ಆಮೇಲೆ ಜೇಡಿ ಸೋಸುವ ಕೆಲಸ. ಆ ಕಾಲದ ಕೊರಿಯಾದ ಕುಂಬಾರರು ಹಸಿರುಛಾಯೆಯ ಪಾತ್ರೆಗಳಲ್ಲಿ ಗೆರೆ ಕೊರೆದು ಅದಕ್ಕೆ ಬೇರೆ ಬಣ್ಣದ ಮಣ್ಣು ತುಂಬುತ್ತಿದ್ದರು. ಅಲ್ಲಿಯೂ ಬಣ್ಣ ಕಾಣುವುದು ಗೂಡಿನಿಂದ ಹೊರಬಂದ ಮೇಲೆಯೇ. ಮಿನ್ ಪಟ್ಟುಹಿಡಿದು ಮಾಡಿದ ಹೂದಾನಿಗಳು ಗೂಡಿನಲ್ಲಿ ಕಂದುಕಲೆ ಬಿದ್ದು ಕೆಟ್ಟಾಗ ಅವನು ಅವನ್ನು ಒಡೆದು ಹಾಕುತ್ತಾನೆ. ನನಗೆ ಈ ಪುಸ್ತಕದಲ್ಲಿ ಹೆಚ್ಚು ಹಿಡಿಸಿದ್ದು, ನುರಿತ ಗುರುವಿಗೂ ಗೂಡು ಕೈಕೊಡುತ್ತದೆ ಎಂಬುದನ್ನು ಲೇಖಕಿ ಮುಚ್ಚಿಡದಿರುವುದು. ತಾಳ್ಮೆ ಇದ್ದವರಿಗೆಲ್ಲ ಫಲ ಖಚಿತ ಎಂಬ ಸುಳ್ಳನ್ನು ಮಕ್ಕಳಿಗೆ ಹೇಳುವುದು ನ್ಯಾಯವಲ್ಲ. ಬಿದರಿಯಲ್ಲೂ ಹಾಗೆಯೇ, ಮಣ್ಣು ಸರಿಯಿಲ್ಲದಿದ್ದರೆ ಒಳ್ಳೆಯ ಕೆತ್ತನೆಯೂ ಮಂಕಾಗಿ ಕಾಣುತ್ತದೆ.

ನಮ್ಮದು ಸಣ್ಣ ಕಥೆ. ಇಡೀ ಕಲಿಕೆಯ ವರ್ಷಗಳನ್ನು ಅದರಲ್ಲಿ ತುರುಕುವ ಅಗತ್ಯವಿಲ್ಲ. 2023ರಲ್ಲಿ ಪದ್ಮಶ್ರೀ ಪಡೆದ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರು ತಂದೆಯಿಂದ ಈ ಕಸುಬು ಕಲಿತು ದಶಕಗಳ ಕಾಲ ಮಾಡಿಕೊಂಡು ಬಂದವರು. ಅಂಥ ಬದುಕಿಗೆ ಕಾದಂಬರಿಯೇ ಬೇಕು. ಸಣ್ಣ ಕಥೆಗೆ ಒಂದು ಮುಚ್ಚಳ ಸಾಕು, ಅದರ ಮೇಲಿನ ಒಂದು ಬಳ್ಳಿ ಸಾಕು. ಹುಡುಗ ಕೊನೆಗೆ ಪ್ರಶಸ್ತಿ ಗೆಲ್ಲುವ ದೃಶ್ಯವನ್ನಂತೂ ಬರೆಯಲೇಬಾರದು.

ಬಳ್ಳಿ ಕಡಿದದ್ದು ಕಂಡ ಮೇಲೆ ಮುಂದೇನು ಎಂಬ ಪ್ರಶ್ನೆಗೂ ಕಸುಬೇ ಉತ್ತರ ಕೊಡುತ್ತದೆ. ಮುಚ್ಚಳವನ್ನು ಎಸೆಯಬೇಕಾಗಿಲ್ಲ, ಆದರೆ ಆ ಒಂದು ಜಾಗಕ್ಕೆ ಮಾತ್ರ ತೇಪೆ ಹಾಕಲೂ ಬರುವುದಿಲ್ಲ. ಕಡಿದ ಕಡೆ ಕಾಲುವೆಯನ್ನು ಮತ್ತೆ ಆಳ ಮಾಡಿ ಹೊಸ ತಂತಿ ಬಡಿಯಬೇಕು. ಅದನ್ನು ಮಟ್ಟಕ್ಕೆ ತರಲು ಅರ ಹಾಕಿದಾಗ ಸುತ್ತಲಿನ ಕಪ್ಪು ಹೋಗುತ್ತದೆ. ಉಳಿದ ಭಾಗಕ್ಕೆ ಬಣ್ಣ ಹೊಂದಬೇಕಾದರೆ ಇಡೀ ಮುಚ್ಚಳವನ್ನು ತಿಕ್ಕಿ ಬಿಳಿ ಮಾಡಿ, ಮಣ್ಣು-ನವಸಾಗರದ ಹಂತವನ್ನು ಮೊದಲಿನಿಂದ ಮಾಡಬೇಕು. ಅಂದರೆ ಅವನು ಮತ್ತೊಮ್ಮೆ ಏನೂ ಕಾಣದ ಆ ಬಿಳಿಗೇ ಮರಳಬೇಕು.

"ಈ ಸಲ ಸರಿ ಬರ್ತದಂತ ಹ್ಯಾಂಗ ಗೊತ್ತಾಗಬೇಕ್ರಿ?" ಎಂದು ಹುಡುಗ ಕೇಳಿದಾಗ ಉಸ್ತಾದ್ ಅವನ ಕೈಗೆ ಉಳಿ ಕೊಟ್ಟು, ತಂತಿ ಇಡುವ ಮುನ್ನ ಕಾಲುವೆಯ ಉದ್ದಕ್ಕೂ ಅದರ ಮೊನೆಯನ್ನು ಮೆಲ್ಲಗೆ ಎಳೆಯಲು ಹೇಳುತ್ತಾರೆ. ಆಳ ಒಂದೇ ಸಮ ಇದ್ದರೆ ಮೊನೆ ತಡೆಯಿಲ್ಲದೆ ಜಾರುತ್ತದೆ. ಹುಡುಗ ಎಳೆಯುತ್ತಾನೆ. ಮೂರನೇ ಎಲೆ ದಾಟಿದೊಡನೆ ಮೊನೆ ತಡೆಯುತ್ತದೆ. ಅವನು ಉಸ್ತಾದರತ್ತ ನೋಡದೆ ಸುತ್ತಿಗೆಗೆ ಕೈಹಾಕುತ್ತಾನೆ.