ನಾಲ್ಕು ಸಾಲಿನ ಮೇಲ್, ಆರು ರೂಪಾಯಿಯ ಜಗಳ

ಮೈಸೂರಿನಲ್ಲಿ ಅಗರಬತ್ತಿ ಪ್ಯಾಕಿಂಗ್ ಘಟಕ ನಡೆಸುವ ಗೆಳೆಯರೊಬ್ಬರು ಒಂದು ಮೇಲ್ ಬರೆದು, ಕಳಿಸುವ ಮುಂಚೆ ನನಗೆ ತೋರಿಸಿದರು. ಅವರಿಗೆ ತಿಂಗಳಿಗೆ ಆರು ಸಾವಿರ ರಟ್ಟಿನ ಬಾಕ್ಸ್ ಕೊಡುವ ಸಪ್ಲೈಯರ್ ಒಂದು ಬಾಕ್ಸಿನ ದರವನ್ನು 42 ರೂಪಾಯಿಯಿಂದ 48ಕ್ಕೆ ಏರಿಸಿದ್ದರು. ಕ್ರಾಫ್ಟ್ ಪೇಪರ್ ತುಟ್ಟಿಯಾಗಿದೆ ಎಂಬುದು ಅವರು ಕೊಟ್ಟ ಕಾರಣ.

ಗೆಳೆಯರ ಮೇಲಿನ ತಲೆಬರಹ ‘ಅಂತಿಮ ಎಚ್ಚರಿಕೆ’. ಒಳಗಿದ್ದದ್ದು ನಾಲ್ಕೇ ಸಾಲು: “ನಿಮ್ಮ ಮನಸ್ಸಿಗೆ ಬಂದ ಹಾಗೆ ದರ ಏರಿಸಿದರೆ ನಾವು ಒಪ್ಪುವುದಿಲ್ಲ. ಹಳೇ ದರಕ್ಕೇ ಮಾಲು ಬರದಿದ್ದರೆ ಬಾಕಿ ಬಿಲ್ ತಡೆಹಿಡಿಯುತ್ತೇವೆ. ನಿಮ್ಮಂಥ ಸಪ್ಲೈಯರ್‌ಗಳು ನಮಗೆ ಹತ್ತು ಜನ ಸಿಗುತ್ತಾರೆ. ಶುಕ್ರವಾರದೊಳಗೆ ಉತ್ತರ ಬೇಕು.”

ಈ ಮೇಲಿನ ದೊಡ್ಡ ತೊಂದರೆ ಒರಟುತನವಲ್ಲ, ಎರಡನೇ ಸಾಲು. ಆಗಲೇ ಮಾಲು ಇಳಿಸಿಕೊಂಡ ಬಿಲ್ಲಿಗೂ ಮುಂದಿನ ದರಕ್ಕೂ ಸಂಬಂಧವಿಲ್ಲ. ಆ ಸಪ್ಲೈಯರ್ ಉದ್ಯಮ್ ನೋಂದಣಿ ಇರುವ ಸಣ್ಣ ಉತ್ಪಾದಕರು. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಅಂಥವರಿಗೆ ಒಪ್ಪಿಕೊಂಡ ಅವಧಿಯಲ್ಲಿ, ಎಷ್ಟೇ ಆದರೂ 45 ದಿನದೊಳಗೆ, ಹಣ ಕೊಡಲೇಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. “ಬೇಕೆಂದೇ ತಡೆದೆ” ಎಂದು ನಾವೇ ಬರೆದುಕೊಟ್ಟ ಮೇಲ್ ನಾಳೆ ನಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆ. ಆ ಸಾಲನ್ನು ಮೆದುಗೊಳಿಸಿ ಪ್ರಯೋಜನವಿಲ್ಲ, ತೆಗೆದೇ ಹಾಕಬೇಕು.

ಮೂರನೇ ಸಾಲು ಪೊಳ್ಳು. ಬೇರೆಯವರ ಹತ್ತಿರ ಹೋದರೆ ಪ್ರಿಂಟಿಂಗಿಗೆ ಹೊಸ ಸ್ಟೀರಿಯೊ ಮಾಡಿಸಬೇಕು, ಸ್ಯಾಂಪಲ್ ನೋಡಬೇಕು, ಚಿಕ್ಕ ಲಾಟ್ ತರಿಸಿ ಪರೀಕ್ಷಿಸಬೇಕು. “ಎಷ್ಟು ದಿನ ಬೇಕು?” ಎಂದು ಕೇಳಿದೆ. “ಮೂರು ವಾರ” ಎಂದರು. ಬಾಕ್ಸ್ ಮಾಡುವವರಿಗೆ ಈ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು. ಶುಕ್ರವಾರದ ಗಡುವು ಅವರನ್ನು ಹೆದರಿಸುವುದಿಲ್ಲ.

ಹಾಗಂತ “ದಯವಿಟ್ಟು ಸ್ವಲ್ಪ ನೋಡಿ” ಎಂದು ಬರೆದರೂ ಕೆಲಸ ಆಗದು. ಮೇಲಿಗೆ ಬಿಗಿ ಬರುವುದು ಅಂಕಿಯಿಂದ, ತಾರೀಖಿನಿಂದ, ನಾವು ನಿಜವಾಗಿ ಮಾಡಬಲ್ಲ ಮುಂದಿನ ಹೆಜ್ಜೆಯಿಂದ. ಆದ್ದರಿಂದ ಮೊದಲು ಲೆಕ್ಕಕ್ಕೆ ಕೂತೆವು. ಬಾಕ್ಸಿನ ವೆಚ್ಚದಲ್ಲಿ ಪೇಪರಿನ ಪಾಲು ಶೇ. 60 ಎಂದು ಹಿಡಿದೆವು. ಪೇಪರ್ ಶೇ. 10 ಏರಿದರೆ ಬಾಕ್ಸಿಗೆ ಏರಬೇಕಾದ್ದು ಶೇ. 6, ಅಂದರೆ ಎರಡೂವರೆ ರೂಪಾಯಿ. ಕೇಳಿದ್ದು ಆರು ರೂಪಾಯಿ. ಜಗಳ ಉಳಿದದ್ದು ನಡುವಿನ ಮೂರೂವರೆ ರೂಪಾಯಿಯ ಮೇಲೆ ಮಾತ್ರ.

ಹೊಸ ಮೇಲಿನ ತಲೆಬರಹ ‘ಬಾಕ್ಸ್ ದರ: ನಮ್ಮ ಪ್ರಸ್ತಾಪ’. ಒಳಗೆ ಹೀಗೆ ಬರೆದೆವು:

“ನಮಸ್ಕಾರ ಸರ್. ಪೇಪರ್ ದರ ಏರಿರುವುದು ನಮಗೂ ತಿಳಿದಿದೆ, ಅದರ ಹೊರೆ ಪೂರ್ತಿ ನಿಮ್ಮ ಮೇಲೇ ಬೀಳಲಿ ಎಂದು ನಾವು ಹೇಳುವುದಿಲ್ಲ. ಆದರೆ ನಮ್ಮ ಲೆಕ್ಕದಲ್ಲಿ 44.50 ಆಗುತ್ತದೆ, 48 ಆಗುವುದಿಲ್ಲ. ಲೆಕ್ಕ ಕೆಳಗಿದೆ, ತಪ್ಪಿದ್ದರೆ ಮಿಲ್ಲಿನ ಇತ್ತೀಚಿನ ಬಿಲ್ ಕಳಿಸಿ, ಕೂತು ಸರಿಮಾಡೋಣ. ನಮ್ಮ ಕಡೆಯಿಂದ ಮೂರು ತಿಂಗಳ ಆರ್ಡರ್ ಮೊದಲೇ ಕೊಡುತ್ತೇವೆ, ಹಣವನ್ನು 45 ದಿನದ ಬದಲು 30 ದಿನಕ್ಕೆ ಕೊಡುತ್ತೇವೆ. 20ನೇ ತಾರೀಖಿನೊಳಗೆ ಹೊಂದಿಕೆಯಾಗದಿದ್ದರೆ ಮುಂದಿನ ತಿಂಗಳಿಂದ ಅರ್ಧ ಆರ್ಡರನ್ನು ಬೇರೆ ಕಡೆ ಕೊಡಬೇಕಾಗುತ್ತದೆ. ಬಾಕಿ ಬಿಲ್ಲುಗಳು ಹೇಗೂ ಅವುಗಳ ದಿನಕ್ಕೇ ಪಾವತಿಯಾಗುತ್ತವೆ.”

ಇದರಲ್ಲಿಯೂ ‘ಬೇರೆ ಕಡೆ ಹೋಗುತ್ತೇವೆ’ ಎಂಬ ಮಾತಿದೆ, ನೋಡಿ. ಅದು ಶಿಕ್ಷೆಯಾಗಿ ಬಂದಿಲ್ಲ, ನಮಗೆ ಉಳಿಯುವ ದಾರಿಯಾಗಿ ಬಂದಿದೆ. ರೋಜರ್ ಫಿಷರ್ ಮತ್ತು ವಿಲಿಯಂ ಯೂರಿ 1981ರಲ್ಲಿ ಚೌಕಾಸಿಯ ಬಗ್ಗೆ ಬರೆದ ‘ಗೆಟಿಂಗ್ ಟು ಯೆಸ್’ ಪುಸ್ತಕ ಹೇಳುವುದೂ ಇದನ್ನೇ: ಒಪ್ಪಂದವಾಗದಿದ್ದರೆ ಏನು ಮಾಡುತ್ತೀರಿ ಎಂಬುದರಿಂದಲೇ ನಿಮ್ಮ ಬಲ. ಆದ್ದರಿಂದ ಮೇಲ್ ಕಳಿಸುವ ಮುಂಚೆ ಗೆಳೆಯರು ಇನ್ನೊಬ್ಬರಿಂದ ನಿಜವಾಗಿಯೂ ಕೊಟೇಶನ್ ತರಿಸಿದರು. ಅದು ಕೈಯಲ್ಲಿಲ್ಲದೆ ಆ ಸಾಲು ಬರೆಯಬಾರದು.

ಮೂರನೇ ದಿನ ಮಿಲ್ಲಿನ ಬಿಲ್ ಬಂತು. ಪೇಪರ್ ಏರಿದ್ದು ಶೇ. 12. ಹಾಗಾಗಿ ಮೂರು ತಿಂಗಳಿಗೆ 45 ರೂಪಾಯಿಗೆ ಒಪ್ಪಂದವಾಯಿತು, ಪೇಪರ್ ಇಳಿದರೆ ಬಾಕ್ಸಿನ ದರವೂ ಇಳಿಯಬೇಕೆಂಬ ಷರತ್ತಿನೊಂದಿಗೆ.

ಒಂದು ಎಚ್ಚರ ಮಾತ್ರ ಬೇಕಿತ್ತು. ದರ ಹಿಂಡಿಸಿಕೊಂಡ ಸಪ್ಲೈಯರ್ ಕೆಲವೊಮ್ಮೆ ಸದ್ದಿಲ್ಲದೆ ತೆಳು ಪೇಪರ್ ಹಾಕುತ್ತಾರೆ. ಗೋದಾಮಿನಲ್ಲಿ ಸಾಲಾಗಿ ಪೇರಿಸಿದಾಗ ಕೆಳಗಿನ ಬಾಕ್ಸ್ ಕುಸಿದ ಮೇಲಷ್ಟೇ ಅದು ಗೊತ್ತಾಗುವುದು. ಆದ್ದರಿಂದ ಹಳೇ ಲಾಟಿನ ಹತ್ತು ಖಾಲಿ ಬಾಕ್ಸುಗಳನ್ನು ತಕ್ಕಡಿಗಿಟ್ಟು, ಸರಾಸರಿ ತೂಕವನ್ನು ಹೊಸ ಪರ್ಚೇಸ್ ಆರ್ಡರಿನಲ್ಲಿ ದರದ ಪಕ್ಕದಲ್ಲೇ ಬರೆದರು. ಸಪ್ಲೈಯರ್ ಅದಕ್ಕೂ ಸಹಿ ಹಾಕಿ ಕಳಿಸಿದರು.